‘ಸೋ ಡು ಐ’, ‘ನೈದರ್ ಡು ಐ’, ‘ಮೀ ಟೂ’: ಯಾವ ಮಾತಿಗೆ ಯಾವ ಉತ್ತರ?

ಎದುರಿಗಿದ್ದವರು ತಮ್ಮ ಬಗ್ಗೆ ಏನೋ ಹೇಳಿದಾಗ, ನಮ್ಮ ಸ್ಥಿತಿಯೂ ಅದೇ ಎಂದು ತಿಳಿಸಲು ಕನ್ನಡದಲ್ಲಿ ಹೆಚ್ಚು ಯೋಚಿಸಬೇಕಾಗಿಲ್ಲ. ‘ನನಗೆ ಗೊತ್ತು’ ಎಂದವರಿಗೂ ‘ನನಗೂ’ ಎನ್ನಬಹುದು, ‘ನನಗೆ ಗೊತ್ತಿಲ್ಲ’ ಎಂದವರಿಗೂ ‘ನನಗೂ’ ಎನ್ನಬಹುದು. ಪದದ ಕೊನೆಗೆ ಸೇರುವ ಒಂದು ‘ಊ’ಕಾರ ಎರಡೂ ಕಡೆ ದುಡಿಯುತ್ತದೆ, ಕಾಲ ಭೂತವೇ ಭವಿಷ್ಯವೇ ಎಂಬುದನ್ನು ಅದು ಕೇಳುವುದೇ ಇಲ್ಲ. ಇಂಗ್ಲಿಷಿನಲ್ಲಿ ಇದೇ ಕೆಲಸಕ್ಕೆ ಬಳಸುವ ಮೂರು ಪದಗಳ ಪುಟ್ಟ ಉತ್ತರವು ಬಾಯಿಂದ ಹೊರಡುವ ಮೊದಲು ಎರಡು ತೀರ್ಮಾನಗಳನ್ನು ಬೇಡುತ್ತದೆ: ಕೇಳಿದ ವಾಕ್ಯ ನಿಷೇಧದ್ದೋ ಅಲ್ಲವೋ ಎಂಬುದು ಒಂದು, ಆ ವಾಕ್ಯದ ಸಹಾಯಕ ಕ್ರಿಯಾಪದ ಯಾವುದು ಎಂಬುದು ಇನ್ನೊಂದು. ಹೊಸದಾಗಿ ಇಂಗ್ಲಿಷಿನಲ್ಲಿ ಸಂಭಾಷಣೆ ನಡೆಸಬೇಕಾಗಿ ಬಂದವರು ದೊಡ್ಡ ವಾಕ್ಯಗಳನ್ನು ಸರಿಯಾಗಿ ಕಟ್ಟಿ ಈ ಚಿಕ್ಕ ಉತ್ತರದಲ್ಲಿ ತಡವರಿಸುವುದಕ್ಕೆ ಕಾರಣ ಇದೇ. ಉತ್ತರ ಕೊಡಲು ಸಿಗುವ ಸಮಯ ಅರ್ಧ ಕ್ಷಣ, ಮಾಡಬೇಕಾದ ಲೆಕ್ಕ ಎರಡು.

ಕೊಂಡಿ ಎಲ್ಲಿದೆ?

ಇಂಗ್ಲಿಷ್ ವಾಕ್ಯದಲ್ಲಿ ಮುಖ್ಯ ಕ್ರಿಯಾಪದದ ಮುಂದೆ ನಿಂತು ಕಾಲವನ್ನೋ ಸಾಧ್ಯತೆಯನ್ನೋ ಸೂಚಿಸುವ ಪದಗಳನ್ನು ಸಹಾಯಕ ಕ್ರಿಯಾಪದಗಳೆಂದು ಕರೆಯುತ್ತಾರೆ. ‘ಐ ಕ್ಯಾನ್ ಸ್ವಿಮ್’ ಎಂಬಲ್ಲಿ ‘ಕ್ಯಾನ್’, ‘ಐ ವಿಲ್ ವೇಟ್’ ಎಂಬಲ್ಲಿ ‘ವಿಲ್’, ‘ಐ ಹ್ಯಾವ್ ಫಿನಿಶ್ಡ್’ ಎಂಬಲ್ಲಿ ‘ಹ್ಯಾವ್’ ಸಹಾಯಕಗಳು. ‘ಐ ಆ್ಯಮ್ ಟೈರ್ಡ್’ ಎಂಬ ವಾಕ್ಯದಲ್ಲಿ ಬೇರೆ ಕ್ರಿಯಾಪದವೇ ಇಲ್ಲದಿದ್ದರೂ ‘ಆ್ಯಮ್’ ಸಹಾಯಕದಂತೆಯೇ ನಡೆದುಕೊಳ್ಳುತ್ತದೆ.

ಸಮ್ಮತಿಯ ಕಿರು ಉತ್ತರವನ್ನು ರೈಲಿನ ಎರಡನೆಯ ಬೋಗಿ ಎಂದುಕೊಳ್ಳಬಹುದು. ಮೊದಲ ಬೋಗಿಯ ಹಿಂದಿರುವ ಕೊಂಡಿ ಯಾವ ಬಗೆಯದೋ ಅದೇ ಬಗೆಯ ಕೊಂಡಿ ಎರಡನೆಯದಕ್ಕೂ ಇರಬೇಕು, ಇಲ್ಲದಿದ್ದರೆ ಎರಡೂ ಸೇರುವುದಿಲ್ಲ. ಸಹಾಯಕ ಕ್ರಿಯಾಪದವೇ ಆ ಕೊಂಡಿ. ‘ಐ ಕ್ಯಾನ್ ಸ್ವಿಮ್’ ಎಂದವರಿಗೆ ‘ಸೋ ಕ್ಯಾನ್ ಐ’, ‘ಐ ವಿಲ್ ವೇಟ್’ ಎಂದವರಿಗೆ ‘ಸೋ ವಿಲ್ ಐ’, ‘ಐ ಆ್ಯಮ್ ಟೈರ್ಡ್’ ಎಂದವರಿಗೆ ‘ಸೋ ಆ್ಯಮ್ ಐ’. ಮಾತು ನಿಷೇಧದ್ದಾದರೆ ‘ಸೋ’ ಹೋಗಿ ‘ನೈದರ್’ ಬರುತ್ತದೆ, ಕೊಂಡಿ ಮಾತ್ರ ಹಾಗೆಯೇ ಉಳಿಯುತ್ತದೆ: ‘ಐ ಕಾಂಟ್ ಸ್ವಿಮ್’ ಎಂದರೆ ‘ನೈದರ್ ಕ್ಯಾನ್ ಐ’. ಇಲ್ಲಿ ‘ನೈದರ್ ಕಾಂಟ್ ಐ’ ಎನ್ನುವಂತಿಲ್ಲ, ಏಕೆಂದರೆ ‘ನೈದರ್’ ಎಂಬ ಪದವೇ ನಿಷೇಧವನ್ನು ಹೊತ್ತುಕೊಂಡಿರುತ್ತದೆ, ಅದರ ಮೇಲೆ ಇನ್ನೊಂದು ‘ನಾಟ್’ ಹೇರುವ ಅಗತ್ಯವಿಲ್ಲ. ‘ನೈದರ್’ ಬದಲು ‘ನಾರ್’ ಎಂದರೂ ಅರ್ಥ ಒಂದೇ. ‘ನೈದರ್’ ಎನ್ನಬೇಕೋ ‘ನೀದರ್’ ಎನ್ನಬೇಕೋ ಎಂಬ ಗೊಂದಲಕ್ಕೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಎರಡು ಉಚ್ಚಾರಣೆಗಳೂ ಚಾಲ್ತಿಯಲ್ಲಿವೆ.

ಹಾಗಾದರೆ ‘ಐ ಲಿವ್ ಅಲೋನ್’ ಎಂಬ ವಾಕ್ಯದ ಕೊಂಡಿ ಎಲ್ಲಿದೆ? ಕಣ್ಣಿಗೆ ಕಾಣುವುದು ‘ಲಿವ್’ ಎಂಬ ಮುಖ್ಯ ಕ್ರಿಯಾಪದ ಮಾತ್ರ. ಇಂಥ ಕಡೆ ಇಂಗ್ಲಿಷ್ ತನ್ನ ಉಗ್ರಾಣದಿಂದ ‘ಡು’ ಎಂಬ ಸಹಾಯಕವನ್ನು ತೆಗೆದು ಕೊಡುತ್ತದೆ. ಅದೇ ವಾಕ್ಯವನ್ನು ಪ್ರಶ್ನೆ ಮಾಡಿ ನೋಡಿದರೆ ಅಡಗಿದ್ದ ಕೊಂಡಿ ಹೊರಬರುತ್ತದೆ: ‘ಡು ಯೂ ಲಿವ್ ಅಲೋನ್?’ ಆದ್ದರಿಂದ ಉತ್ತರ ‘ಸೋ ಡು ಐ’. ‘ಐ ಲಿವ್ಡ್ ಅಲೋನ್’ ಎಂದು ಭೂತಕಾಲದಲ್ಲಿ ಹೇಳಿದ್ದರೆ ಪ್ರಶ್ನೆ ‘ಡಿಡ್ ಯೂ ಲಿವ್ ಅಲೋನ್?’ ಎಂದಾಗುತ್ತದೆ, ಉತ್ತರವೂ ‘ಸೋ ಡಿಡ್ ಐ’. ಸಂಶಯ ಬಂದಾಗಲೆಲ್ಲ ಕೇಳಿದ ವಾಕ್ಯವನ್ನು ಮನಸ್ಸಿನಲ್ಲೇ ಪ್ರಶ್ನೆಯಾಗಿಸಿ, ಆ ಪ್ರಶ್ನೆಯ ಮೊದಲ ಪದವನ್ನು ಎತ್ತಿಕೊಳ್ಳುವುದು ನನಗೆ ತಿಳಿದಂತೆ ಅತ್ಯಂತ ಭರವಸೆಯ ಉಪಾಯ.

ಕೊಂಡಿಯ ಬಗೆ ಮತ್ತು ಕಾಲ ಕೇಳಿದ ವಾಕ್ಯದಿಂದ ಬಂದರೂ, ಅದರ ಕೊನೆಯ ರೂಪ ಉತ್ತರದ ಕರ್ತೃವಿಗೆ ಹೊಂದಬೇಕು. ‘ಶೀ ವರ್ಕ್ಸ್ ಅಟ್ ನೈಟ್’ ಎಂದು ಯಾರೋ ಹೇಳಿದರೆ ನಮ್ಮ ಬಗ್ಗೆ ಹೇಳುವಾಗ ‘ಸೋ ಡು ಐ’ ಎನ್ನಬೇಕೇ ಹೊರತು ‘ಸೋ ಡಸ್ ಐ’ ಎಂದಲ್ಲ. ತಿರುವು ಮುರುವಾಗಿ, ‘ಐ ವರ್ಕ್ ಅಟ್ ನೈಟ್’ ಎಂದವರಿಗೆ ಅಣ್ಣನ ಬಗ್ಗೆ ಹೇಳುವಾಗ ‘ಸೋ ಡಸ್ ಮೈ ಬ್ರದರ್’ ಎನ್ನಬೇಕು.

‘ಹ್ಯಾವ್’ ಎಂಬ ಎರಡು ಮುಖದ ಪದ

ಪ್ರಶ್ನೆಯಾಗಿಸಿ ನೋಡುವ ಉಪಾಯ ನಿಜವಾಗಿ ಬೆಲೆ ಪಡೆಯುವುದು ‘ಹ್ಯಾವ್’ ಎದುರಾದಾಗ. ಈ ಪದ ಒಮ್ಮೆ ಸಹಾಯಕವಾಗಿಯೂ ಇನ್ನೊಮ್ಮೆ ಮುಖ್ಯ ಕ್ರಿಯಾಪದವಾಗಿಯೂ ಬರುತ್ತದೆ, ಕಿವಿಗೆ ಮಾತ್ರ ಒಂದೇ ರೀತಿ ಕೇಳಿಸುತ್ತದೆ. ‘ಐ ಹ್ಯಾವ್ ಫಿನಿಶ್ಡ್’ ಎಂದರೆ ಕೆಲಸ ಮುಗಿಸಿದ್ದೇನೆ ಎಂದು, ಇಲ್ಲಿ ಮುಖ್ಯ ಕ್ರಿಯೆ ಮುಗಿಸುವುದು, ‘ಹ್ಯಾವ್’ ಸಹಾಯಕ. ಪ್ರಶ್ನೆ ‘ಹ್ಯಾವ್ ಯೂ ಫಿನಿಶ್ಡ್?’ ಎಂದಾಗುವುದರಿಂದ ಉತ್ತರ ‘ಸೋ ಹ್ಯಾವ್ ಐ’. ‘ಐ ಹ್ಯಾವ್ ಎ ಹೆಡೇಕ್’ ಎಂದರೆ ತಲೆನೋವಿದೆ ಎಂದು, ಇಲ್ಲಿ ‘ಹ್ಯಾವ್’ ಬಿಟ್ಟರೆ ಬೇರೆ ಕ್ರಿಯಾಪದವಿಲ್ಲ. ‘ಡು ಯೂ ಹ್ಯಾವ್ ಎ ಹೆಡೇಕ್?’ ಎಂಬುದು ಇದರ ಪ್ರಶ್ನೆ, ಆದ್ದರಿಂದ ಉತ್ತರ ‘ಸೋ ಡು ಐ’. ‘ಐ ಹ್ಯಾವ್ ಟು ಗೋ’, ಅಂದರೆ ಹೋಗಲೇಬೇಕಾಗಿದೆ ಎಂಬುದಕ್ಕೂ ‘ಸೋ ಡು ಐ’ ಎಂದೇ ಉತ್ತರ. ಆದರೆ ಅದೇ ತಲೆನೋವನ್ನು ‘ಐ ಹ್ಯಾವ್ ಗಾಟ್ ಎ ಹೆಡೇಕ್’ ಎಂದು ಹೇಳಿದರೆ, ‘ಗಾಟ್’ ಬಂದು ಸೇರಿದ್ದರಿಂದ ‘ಹ್ಯಾವ್’ ಮತ್ತೆ ಸಹಾಯಕದ ಸ್ಥಾನಕ್ಕೆ ಸರಿಯುತ್ತದೆ, ಉತ್ತರ ‘ಸೋ ಹ್ಯಾವ್ ಐ’ ಆಗುತ್ತದೆ. ಹಳೆಯ ಬ್ರಿಟಿಷ್ ಬಳಕೆಯಲ್ಲಿ ‘ಗಾಟ್’ ಇಲ್ಲದಿದ್ದಾಗಲೂ ‘ಸೋ ಹ್ಯಾವ್ ಐ’ ಎನ್ನುವ ರೂಢಿಯಿತ್ತು, ಹಳೆಯ ಪುಸ್ತಕಗಳಲ್ಲಿ ಅದನ್ನು ಕಂಡವರು ಗಾಬರಿಪಡಬೇಕಾಗಿಲ್ಲ.

ಇನ್ನೂ ಸೂಕ್ಷ್ಮವಾದದ್ದು ಮಾತಿನಲ್ಲಿ ‘ಐಡ್’ ಎಂದು ಕೇಳಿಸುವ ಸಂಕ್ಷೇಪ. ಅದರ ಕೊನೆಯ ‘ಡ್’ ಶಬ್ದದೊಳಗೆ ‘ಹ್ಯಾಡ್’ ಇರಬಹುದು, ‘ವುಡ್’ ಇರಬಹುದು. ಯಾವುದು ಎಂಬುದನ್ನು ಮುಂದೆ ಬರುವ ಕ್ರಿಯಾಪದದ ರೂಪ ಹೇಳಿಕೊಡುತ್ತದೆ. ‘ಐಡ್ ಲೈಕ್ ಟು ಸಿಟ್’ ಎಂಬಲ್ಲಿ ‘ಲೈಕ್’ ಮೂಲರೂಪದಲ್ಲಿದೆ, ಹಾಗಾಗಿ ಅಡಗಿರುವುದು ‘ವುಡ್’, ಉತ್ತರ ‘ಸೋ ವುಡ್ ಐ’. ‘ಐಡ್ ಸೀನ್ ಇಟ್ ಬಿಫೋರ್’ ಎಂಬಲ್ಲಿ ‘ಸೀ’ ಎಂಬುದು ‘ಸೀನ್’ ಆಗಿದೆ, ಹಾಗಾಗಿ ಅಡಗಿರುವುದು ‘ಹ್ಯಾಡ್’, ಉತ್ತರ ‘ಸೋ ಹ್ಯಾಡ್ ಐ’. ‘ಐಡ್ ಬೆಟರ್ ಗೋ’ ಎಂಬುದೊಂದು ಮಾತ್ರ ಈ ಸೂಚನೆಗೆ ಸಿಕ್ಕುವುದಿಲ್ಲ. ಅಲ್ಲಿ ‘ಗೋ’ ಮೂಲರೂಪದಲ್ಲಿದ್ದರೂ ಅಡಗಿರುವುದು ‘ಹ್ಯಾಡ್’, ಆದ್ದರಿಂದ ‘ಸೋ ಹ್ಯಾಡ್ ಐ’ ಎನ್ನಬೇಕು.

ನಿಷೇಧ ಅರ್ಥದಲ್ಲಿಲ್ಲ, ವಾಕ್ಯದ ರಚನೆಯಲ್ಲಿದೆ

‘ಸೋ’ ಮತ್ತು ‘ನೈದರ್’ ನಡುವಿನ ಆಯ್ಕೆ ಮೇಲ್ನೋಟಕ್ಕೆ ಸುಲಭ: ‘ನಾಟ್’ ಇದ್ದರೆ ‘ನೈದರ್’, ಇಲ್ಲದಿದ್ದರೆ ‘ಸೋ’. ಆದರೆ ಈ ಸೂತ್ರ ಎರಡು ದಿಕ್ಕಿನಲ್ಲಿ ಕೈಕೊಡುತ್ತದೆ.

ಮೊದಲ ದಿಕ್ಕಿನಲ್ಲಿ, ‘ನಾಟ್’ ಇಲ್ಲದೆಯೂ ನಿಷೇಧವಾಗಿರುವ ವಾಕ್ಯಗಳಿವೆ. ‘ಐ ನೆವರ್ ವರ್ಕ್ ಅಟ್ ನೈಟ್’ ಎಂಬಲ್ಲಿ ‘ನೆವರ್’ ಇದೆ. ‘ಐ ಹಾರ್ಡ್ಲಿ ನೋ ಹಿಮ್’, ಅಂದರೆ ಅವನ ಪರಿಚಯ ನನಗೆ ಇಲ್ಲವೆನ್ನುವಷ್ಟು ಕಡಿಮೆ ಎಂಬಲ್ಲಿ ‘ಹಾರ್ಡ್ಲಿ’ ಇದೆ. ‘ಐ ಹ್ಯಾವ್ ನೋ ಟೈಮ್’ ಎಂಬಲ್ಲಿ ‘ನೋ’ ಎಂಬ ಪದ ಕ್ರಿಯಾಪದವನ್ನು ಬಿಟ್ಟು ನಾಮಪದಕ್ಕೆ ಅಂಟಿಕೊಂಡಿದೆ. ಈ ಮೂರಕ್ಕೂ ‘ನೈದರ್ ಡು ಐ’ ಎಂಬುದೇ ಸರಿಯಾದ ಉತ್ತರ.

ಎರಡನೆಯ ದಿಕ್ಕು ಇದಕ್ಕಿಂತ ಹೆಚ್ಚು ಮೋಸಗೊಳಿಸುತ್ತದೆ. ಅರ್ಥ ಪೂರ್ತಿ ನಿಷೇಧದಂತೆ ಕಂಡರೂ ವ್ಯಾಕರಣದ ಲೆಕ್ಕದಲ್ಲಿ ನಿಷೇಧವಲ್ಲದ ವಾಕ್ಯಗಳು ಬೇಕಾದಷ್ಟಿವೆ. ‘ಐ ಫರ್ಗಾಟ್ ದ ಪಾಸ್‌ವರ್ಡ್’ ಎಂದರೆ ಪಾಸ್‌ವರ್ಡ್ ಮರೆತೆ ಎಂದು, ‘ಐ ಡಿಡಂಟ್ ರಿಮೆಂಬರ್ ದ ಪಾಸ್‌ವರ್ಡ್’ ಎಂದರೆ ಪಾಸ್‌ವರ್ಡ್ ನೆನಪಾಗಲಿಲ್ಲ ಎಂದು. ಇಬ್ಬರಿಗೂ ಆದ ತೊಂದರೆ ಒಂದೇ. ಆದರೆ ಮೊದಲನೆಯದಕ್ಕೆ ‘ಸೋ ಡಿಡ್ ಐ’ ಎನ್ನಬೇಕು, ಎರಡನೆಯದಕ್ಕೆ ‘ನೈದರ್ ಡಿಡ್ ಐ’ ಎನ್ನಬೇಕು. ಹಾಗೆಯೇ ‘ಐ ಡಿಸ್‌ಲೈಕ್ ನಾಯ್ಸ್’ ಎಂಬುದಕ್ಕೆ ‘ಸೋ ಡು ಐ’, ‘ಐ ಡೋಂಟ್ ಲೈಕ್ ನಾಯ್ಸ್’ ಎಂಬುದಕ್ಕೆ ‘ನೈದರ್ ಡು ಐ’. ‘ಐ ಆ್ಯಮ್ ಅನ್‌ಹ್ಯಾಪಿ’ ಎಂದು ಕೊರಗುವವರಿಗೂ ‘ಸೋ ಆ್ಯಮ್ ಐ’ ಎಂದೇ ಉತ್ತರ. ಪದದ ಹೊಟ್ಟೆಯೊಳಗೆ ಅಡಗಿದ ‘ಇಲ್ಲ’ವನ್ನು ಈ ಉತ್ತರಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನ್ನಡದ ಕಿವಿಯಿಂದ ಕೇಳುವವರು ಅರ್ಥವನ್ನು ಹಿಡಿದು ‘ನೈದರ್’ ಎಂದುಬಿಡುವುದು ಇಲ್ಲಿಯೇ.

ಒಂದು ವಾಕ್ಯ ಯಾವ ಪಕ್ಷದ್ದು ಎಂಬುದನ್ನು ಪತ್ತೆಹಚ್ಚಲು ಭಾಷಾವಿಜ್ಞಾನಿಗಳು ಬಳಸುವ ಪರೀಕ್ಷೆಗಳಿವೆ. 1964ರಲ್ಲಿ ಎಡ್ವರ್ಡ್ ಕ್ಲೀಮಾ ಎಂಬ ಅಮೆರಿಕನ್ ವಿದ್ವಾಂಸರು ಇಂಗ್ಲಿಷಿನ ನಿಷೇಧದ ಬಗ್ಗೆ ಬರೆದಾಗ, ವಾಕ್ಯದ ಬಾಲಕ್ಕೆ ‘ನೈದರ್’ ಒಪ್ಪುತ್ತದೆಯೇ ಎಂದು ನೋಡುವುದನ್ನೇ ಅಂಥ ಪರೀಕ್ಷೆಗಳಲ್ಲಿ ಒಂದಾಗಿ ಬಳಸಿದರು. ನಮಗೆ ಬೇಕಾದದ್ದು ಅದರ ಜೊತೆಗಾರ ಪರೀಕ್ಷೆ. ವಾಕ್ಯದ ಕೊನೆಗೆ ‘ಅಲ್ಲವೇ’ ಎಂಬ ಅರ್ಥದ ಪುಟ್ಟ ಪ್ರಶ್ನೆಯನ್ನು ಜೋಡಿಸಿ ನೋಡಬೇಕು. ಇಂಗ್ಲಿಷಿನಲ್ಲಿ ಆ ಬಾಲಪ್ರಶ್ನೆ ಸಾಮಾನ್ಯವಾಗಿ ವಾಕ್ಯಕ್ಕೆ ವಿರುದ್ಧವಾಗಿರುತ್ತದೆ: ವಾಕ್ಯದಲ್ಲಿ ನಿಷೇಧವಿಲ್ಲದಿದ್ದರೆ ಬಾಲದಲ್ಲಿ ಇರುತ್ತದೆ, ವಾಕ್ಯದಲ್ಲಿ ಇದ್ದರೆ ಬಾಲದಲ್ಲಿ ಇರುವುದಿಲ್ಲ. ‘ಯೂ ಹಾರ್ಡ್ಲಿ ನೋ ಹಿಮ್’ ಎಂಬುದರ ಮುಂದೆ ಬರುವುದು ‘ಡು ಯೂ?’ ಎಂಬ ಬಾಲ, ಅದರಲ್ಲಿ ‘ನಾಟ್’ ಇಲ್ಲ, ಆದ್ದರಿಂದ ವಾಕ್ಯ ನಿಷೇಧದ್ದು, ಉತ್ತರ ‘ನೈದರ್’. ‘ಯೂ ಡಿಸ್‌ಲೈಕ್ ಹಿಮ್’ ಎಂಬುದರ ಮುಂದೆ ಬರುವುದು ‘ಡೋಂಟ್ ಯೂ?’ ಎಂಬ ಬಾಲ, ಅದರಲ್ಲಿ ‘ನಾಟ್’ ಇದೆ, ಆದ್ದರಿಂದ ವಾಕ್ಯ ನಿಷೇಧದ್ದಲ್ಲ, ಉತ್ತರ ‘ಸೋ’. ಇನ್ನೂ ಒಂದು ಲಾಭವೆಂದರೆ, ಆ ಬಾಲದಲ್ಲಿ ಬರುವ ‘ಡು’ವೇ ಉತ್ತರಕ್ಕೂ ಬೇಕಾದ ಕೊಂಡಿ.

ಒಂದು ಉದ್ದ ವಾಕ್ಯವನ್ನು ಬಿಡಿಸಿ ನೋಡಿದಾಗ

ತಂಡಕ್ಕೆ ಹೊಸದಾಗಿ ಸೇರಿದ ಇಬ್ಬರು ಮಾತನಾಡುತ್ತಿದ್ದಾರೆ ಎಂದುಕೊಳ್ಳೋಣ. ಒಬ್ಬರು ಹೇಳುತ್ತಾರೆ: ‘ಐಡ್ ನೆವರ್ ವರ್ಕ್ಡ್ ಅಟ್ ನೈಟ್ ಬಿಫೋರ್ ಐ ಜಾಯಿನ್ಡ್ ದಿಸ್ ಟೀಮ್.’ ಈ ತಂಡ ಸೇರುವ ಮೊದಲು ನಾನು ಎಂದೂ ರಾತ್ರಿ ಕೆಲಸ ಮಾಡಿರಲಿಲ್ಲ ಎಂದು ಇದರ ಅರ್ಥ. ಇನ್ನೊಬ್ಬರ ಅನುಭವವೂ ಅದೇ. ಅವರು ಏನನ್ನಬೇಕು?

ಕಿವಿಯಲ್ಲಿ ಕೊನೆಗೆ ಉಳಿದಿರುವುದು ‘ಜಾಯಿನ್ಡ್’ ಎಂಬ ಕ್ರಿಯಾಪದ. ಅದನ್ನೇ ಹಿಡಿದರೆ ‘ಸೋ ಡಿಡ್ ಐ’ ಎಂಬ ಉತ್ತರ ತಾನಾಗಿ ಬಾಯಿಗೆ ಬರುತ್ತದೆ, ಮತ್ತು ಅದು ತಪ್ಪಾಗುತ್ತದೆ. ‘ಬಿಫೋರ್’ ಎಂಬಲ್ಲಿಂದ ಮುಂದಿರುವುದು ಯಾವಾಗ ಎಂಬುದನ್ನು ತಿಳಿಸುವ ಉಪವಾಕ್ಯ ಮಾತ್ರ, ಹೇಳಿಕೆಯ ಮುಖ್ಯ ಭಾಗ ‘ಐಡ್ ನೆವರ್ ವರ್ಕ್ಡ್ ಅಟ್ ನೈಟ್’ ಎಂಬಲ್ಲಿಗೆ ಮುಗಿದಿದೆ. ಉತ್ತರ ಕೊಂಡಿ ಹಾಕಬೇಕಾದದ್ದು ಆ ಮುಖ್ಯ ಭಾಗಕ್ಕೆ. ಅದರೊಳಗಿನ ‘ನೆವರ್’ ನಿಷೇಧವನ್ನು ಸೂಚಿಸುವುದರಿಂದ ಮೊದಲ ಪದ ‘ನೈದರ್’ ಎಂದು ತೀರ್ಮಾನವಾಯಿತು. ‘ಐಡ್’ ಒಳಗಿರುವುದು ‘ವುಡ್’ ಆಗಿದ್ದರೆ ಮುಂದೆ ‘ವರ್ಕ್’ ಎಂಬ ಮೂಲರೂಪ ಬರಬೇಕಿತ್ತು, ಬಂದಿರುವುದು ‘ವರ್ಕ್ಡ್’, ಆದ್ದರಿಂದ ಅದು ‘ಹ್ಯಾಡ್’. ಹೀಗೆ ಸಿಗುವ ಉತ್ತರ ‘ನೈದರ್ ಹ್ಯಾಡ್ ಐ’. ಅದೇ ವ್ಯಕ್ತಿ ‘ಐಡ್’ ಬಿಟ್ಟು ‘ಐ ನೆವರ್ ವರ್ಕ್ಡ್ ಅಟ್ ನೈಟ್’ ಎಂದಷ್ಟೇ ಹೇಳಿದ್ದರೆ ಉತ್ತರ ‘ನೈದರ್ ಡಿಡ್ ಐ’ ಆಗುತ್ತಿತ್ತು. ವ್ಯತ್ಯಾಸ ಅರ್ಧ ಉಚ್ಚರಿಸಿದ ಒಂದು ‘ಡ್’ ಶಬ್ದದಷ್ಟು.

ಮುಖ್ಯ ಭಾಗವನ್ನೇ ಹಿಡಿಯಬೇಕು ಎಂಬ ಈ ನಿಯಮವನ್ನು ಇನ್ನೊಂದು ಜೋಡಿ ಇನ್ನಷ್ಟು ಸ್ಪಷ್ಟಪಡಿಸುತ್ತದೆ. ‘ಐ ಡೋಂಟ್ ಥಿಂಕ್ ಶೀ ವಿಲ್ ಕಮ್’ ಮತ್ತು ‘ಐ ಥಿಂಕ್ ಶೀ ವೋಂಟ್ ಕಮ್’ ಎಂಬ ಎರಡು ವಾಕ್ಯಗಳೂ ಅವಳು ಬರಲಾರಳು ಎಂಬ ಒಂದೇ ಅನಿಸಿಕೆಯನ್ನು ಹೇಳುತ್ತವೆ. ಮೊದಲನೆಯದರಲ್ಲಿ ನಿಷೇಧ ಮುಖ್ಯ ಭಾಗದಲ್ಲಿದೆ, ಆದ್ದರಿಂದ ‘ನೈದರ್ ಡು ಐ’. ಎರಡನೆಯದರಲ್ಲಿ ಅದು ಒಳಗಿನ ಉಪವಾಕ್ಯದಲ್ಲಿದೆ, ಆದ್ದರಿಂದ ‘ಸೋ ಡು ಐ’. ಇಂಗ್ಲಿಷ್ ಮಾತನಾಡುವವರು ಹೆಚ್ಚಾಗಿ ಬಳಸುವುದು ಮೊದಲನೆಯದನ್ನು, ಹಾಗಾಗಿ ಅಭಿಪ್ರಾಯಕ್ಕೆ ಸಮ್ಮತಿಸುವಾಗ ‘ನೈದರ್ ಡು ಐ’ ನಾವು ಊಹಿಸುವುದಕ್ಕಿಂತ ಹೆಚ್ಚು ಬಾರಿ ಬೇಕಾಗುತ್ತದೆ.

ಪದಗಳ ಕ್ರಮ ಬದಲಾದರೆ ಅರ್ಥವೂ ಬದಲು

‘ಸೋ ಡು ಐ’ ಎಂಬುದರಲ್ಲಿ ಸಹಾಯಕ ಮೊದಲು, ಕರ್ತೃ ಆಮೇಲೆ. ಇದು ಪ್ರಶ್ನೆಯ ಕ್ರಮ, ಆದರೆ ಉತ್ತರ ಪ್ರಶ್ನೆಯಲ್ಲ. ಮಾತನಾಡುವಾಗ ಒತ್ತು ಬೀಳುವುದು ಕೊನೆಯ ‘ಐ’ ಮೇಲೆ, ಏಕೆಂದರೆ ಆ ಉತ್ತರದಲ್ಲಿ ಹೊಸ ಸುದ್ದಿ ಅದೊಂದೇ. ಉಳಿದದ್ದೆಲ್ಲ ಎದುರಿನವರೇ ಆಗಲೇ ಹೇಳಿದ್ದು.

ಕ್ರಮವನ್ನು ನೇರ ಮಾಡಿ ‘ಸೋ ಐ ಡು’ ಎಂದರೆ ಅದು ವ್ಯಾಕರಣದ ತಪ್ಪಲ್ಲ, ಬೇರೆಯೇ ಮಾತು. ಯಾರಾದರೂ ‘ಯೂ ಹ್ಯಾವ್ ಲೆಫ್ಟ್ ದ ಲೈಟ್ ಆನ್’, ಅಂದರೆ ನೀವು ದೀಪ ಆರಿಸದೆ ಬಂದಿದ್ದೀರಿ ಎಂದಾಗ, ತಿರುಗಿ ನೋಡಿ ‘ಸೋ ಐ ಹ್ಯಾವ್’ ಎಂದರೆ ‘ಹೌದಲ್ಲ, ನಿಜ’ ಎಂದು ಒಪ್ಪಿಕೊಂಡಂತೆ. ‘ಸೋ ಹ್ಯಾವ್ ಐ’ ಎಂದರೆ ನಾನೂ ದೀಪ ಆರಿಸದೆ ಬಂದಿದ್ದೇನೆ ಎಂದು ಹೇಳಿದಂತೆ, ಇದಕ್ಕೆ ಕೇಳುಗರು ಕಣ್ಣರಳಿಸಬಹುದು.

ಕ್ರಮ ತಿರುಗಿಸುವುದು ಕಷ್ಟವೆನಿಸುವವರಿಗೆ ಇನ್ನೊಂದು ದಾರಿಯಿದೆ. ‘ಐ ಡು ಟೂ’ ಮತ್ತು ‘ಐ ಡೋಂಟ್ ಈದರ್’ ಎಂಬ ರೂಪಗಳು ಅದೇ ಅರ್ಥ ಕೊಡುತ್ತವೆ ಮತ್ತು ಸಾಮಾನ್ಯ ವಾಕ್ಯದ ಕ್ರಮದಲ್ಲೇ ಇರುತ್ತವೆ. ಕೊಂಡಿಯ ಲೆಕ್ಕ ಇಲ್ಲಿಯೂ ತಪ್ಪುವುದಿಲ್ಲ. ನಿಷೇಧಕ್ಕೆ ‘ಟೂ’ ಸೇರಿಸಿ ‘ಐ ಡೋಂಟ್ ಟೂ’ ಎಂದುಬಿಡುವುದು ಮಾತ್ರ ಈ ದಾರಿಯಲ್ಲಿ ಸಾಮಾನ್ಯವಾಗಿ ಕಾಣುವ ಎಡವಟ್ಟು. ‘ಈದರ್’ ಇರುವುದೇ ಆ ಜಾಗಕ್ಕೆ.

‘ಮೀ ಟೂ’ ಎಲ್ಲಿಯವರೆಗೆ ಸಾಕು?

ಇಷ್ಟೆಲ್ಲ ಲೆಕ್ಕದ ಬದಲು ‘ಮೀ ಟೂ’ ಎಂದುಬಿಟ್ಟರಾಯಿತಲ್ಲ ಎಂದು ಕೇಳಬಹುದು. ಆಪ್ತರ ಮಾತಿನಲ್ಲಿ ಖಂಡಿತ ಆಗುತ್ತದೆ, ಅದಕ್ಕೆ ಕಾಲದ ಹಂಗಿಲ್ಲ, ಸಹಾಯಕದ ಹಂಗೂ ಇಲ್ಲ. ‘ಐ ಲಿವ್ ಅಲೋನ್’, ‘ಐ ಹ್ಯಾವ್ ಫಿನಿಶ್ಡ್’, ‘ಐಡ್ ಲೈಕ್ ಟು ಸಿಟ್’ ಎಲ್ಲಕ್ಕೂ ‘ಮೀ ಟೂ’ ಒಪ್ಪುತ್ತದೆ. ಆದರೆ ನಿಷೇಧದ ಮಾತಿಗೆ ಒಪ್ಪುವುದಿಲ್ಲ, ಅಲ್ಲಿ ‘ಮೀ ನೈದರ್’ ಎನ್ನಬೇಕು. ಅಮೆರಿಕದ ಆಡುಮಾತಿನಲ್ಲಿ ‘ಮೀ ಈದರ್’ ಎಂಬುದೂ ಕೇಳಿಬರುತ್ತದೆ, ಬರಹದಲ್ಲಿ ಅದನ್ನು ಬಳಸದಿರುವುದು ಲೇಸು. ವಿಧ್ಯುಕ್ತವಾದ ಪತ್ರದಲ್ಲೋ ಸಭೆಯಲ್ಲೋ ‘ಮೀ ಟೂ’ ತೀರಾ ಸಲಿಗೆಯಾಗಿ ಕಾಣುತ್ತದೆ. ಹಾಗೆಂದು ಅದನ್ನು ಸರಿಪಡಿಸಲು ಹೊರಟು ‘ಐ ಟೂ’ ಎಂದರೆ ಗ್ರಂಥದ ಧೂಳು ಕೊಡವಿಕೊಂಡು ಬಂದಂತೆ ಕೇಳಿಸುತ್ತದೆ. ಅಲ್ಲಿ ‘ಸೋ ಡು ಐ’ ಅಥವಾ ‘ಐ ಡು ಟೂ’ ಹದವಾಗಿರುತ್ತದೆ.

‘ಮೀ ಟೂ’ಗೆ ಇನ್ನೊಂದು ಮಿತಿಯಿದೆ, ಅದು ಅರ್ಥಕ್ಕೆ ಸಂಬಂಧಿಸಿದ್ದು. ‘ಶೀ ಟ್ರಸ್ಟ್ಸ್ ಯೂ’, ಅಂದರೆ ಅವಳಿಗೆ ನಿಮ್ಮ ಮೇಲೆ ನಂಬಿಕೆಯಿದೆ ಎಂದು ಒಬ್ಬರು ಹೇಳಿದಾಗ ನಾವು ‘ಮೀ ಟೂ’ ಎಂದರೆ, ಅವಳಿಗೆ ನನ್ನ ಮೇಲೂ ನಂಬಿಕೆಯಿದೆ ಎಂದು ಹೇಳಿದೆವೋ, ನನಗೂ ನಿಮ್ಮ ಮೇಲೆ ನಂಬಿಕೆಯಿದೆ ಎಂದು ಹೇಳಿದೆವೋ ಕೇಳುವವರಿಗೆ ತಿಳಿಯುವುದಿಲ್ಲ. ‘ಸೋ ಡು ಐ’ ಎಂದರೆ ಆ ಗೊಂದಲವಿಲ್ಲ. ಅಲ್ಲಿ ‘ಐ’ ಎಂಬುದು ಕರ್ತೃಸ್ಥಾನದಲ್ಲಿ ನಿಂತಿರುವುದರಿಂದ ನಂಬುವವನು ನಾನು ಎಂದಷ್ಟೇ ಅರ್ಥ ಬರುತ್ತದೆ.

ಇದರಿಂದಲೇ ‘ಸೋ ಡು ಐ’ ಮತ್ತು ‘ನೈದರ್ ಡು ಐ’ ಮಾಡಲಾಗದ ಕೆಲಸವೂ ಒಂದು ಉಳಿಯುತ್ತದೆ. ‘ನೋಬಡಿ ಟೋಲ್ಡ್ ಮೀ’, ಅಂದರೆ ನನಗೆ ಯಾರೂ ಹೇಳಲಿಲ್ಲ ಎಂದು ದೂರುವವರ ಜೊತೆ, ನನಗೂ ಯಾರೂ ಹೇಳಲಿಲ್ಲ ಎಂದು ದನಿಗೂಡಿಸಬೇಕಾದರೆ ‘ಮೀ ನೈದರ್’ ಎಂದೇ ಹೇಳಬೇಕು. ನಿಯಮ ನೆನಪಿಟ್ಟು ಎಚ್ಚರದಿಂದ ‘ನೈದರ್ ಡಿಡ್ ಐ’ ಎಂದರೆ, ನಿಷೇಧವೂ ಸರಿ, ಕಾಲವೂ ಸರಿ, ಆದರೆ ಹೇಳಿದ್ದು ಮಾತ್ರ ‘ನಾನೂ ನಿಮಗೆ ಹೇಳಲಿಲ್ಲ’ ಎಂದಾಗಿರುತ್ತದೆ.